ಒತ್ತಕ್ಷರಕ್ಕೆ ಜಾಗ ಬಿಡು

ಮರಿಯಮ್ಮನಹಳ್ಳಿಯಲ್ಲಿ ಒಂದು ಅಂಗಡಿಯ ಬೋರ್ಡ್ ಎಷ್ಟು ಹಳೆಯದೆಂದು ತಿಳಿಯಬೇಕಾದರೆ ಅದರ ಹೆಸರು ನೋಡಬಾರದು, ಕೊನೆಯ ಸಾಲು ನೋಡಬೇಕು. ಫೋನ್ ನಂಬರೇ ಇಲ್ಲದಿದ್ದರೆ ಬಹಳ ಹಿಂದಿನದು. ನಂಬರು 08394 ಎಂದು ಶುರುವಾಗಿದ್ದರೆ ಎಸ್‌ಟಿಡಿ ಬೂತುಗಳ ಕಾಲದ್ದು. 94480 ಎಂದಿದ್ದರೆ ಜನ ಬಿಎಸ್‌ಎನ್‌ಎಲ್ ಸಿಮ್ಮಿಗೆ ಸಾಲು ನಿಂತ ಮೇಲಿನದು, ಅಂದರೆ 2002ರ ಈಚಿನದು. ಊರಿನ ಹೆಸರಿನ ಪಕ್ಕ ‘ಬಳ್ಳಾರಿ ಜಿಲ್ಲೆ’ ಎಂದಿದ್ದರೆ, ವಿಜಯನಗರ ಜಿಲ್ಲೆ ಆದ 2021ಕ್ಕಿಂತ ಮುಂಚಿನದು. ಈ ಲೆಕ್ಕ ಕೈಬರಹದ ಬೋರ್ಡುಗಳಿಗೆ ಮಾತ್ರ ನಡೆಯುತ್ತದೆ. ಫ್ಲೆಕ್ಸಿಗೆ ವಯಸ್ಸು ಕೇಳುವ ಹಾಗಿಲ್ಲ, ಅದು ಎರಡು ಬೇಸಿಗೆ ದಾಟಿದರೆ ಹೆಚ್ಚು.

ಅಂಥ ಹಳೆಯ ಬೋರ್ಡುಗಳಲ್ಲಿ ಬಹುಪಾಲು ಒಬ್ಬರೇ ಬರೆದವು. ಊರಿಗೆಲ್ಲ ಅವರು ‘ಪೇಂಟರ್’. ನನ್ನ ಅವ್ವನ ಕಡೆಯಿಂದ ದೂರದ ಸಂಬಂಧ, ಹಾಗಾಗಿ ನನಗೆ ಪೇಂಟರ್ ಮಾಮ. ಹೈಸ್ಕೂಲಿನ ಬೇಸಿಗೆ ರಜೆಗಳಲ್ಲಿ ನಾನು ಅವರ ಹಿಂದೆ ಡಬ್ಬಿ ಹಿಡಿದುಕೊಂಡು ತಿರುಗಿದವನು. ಬ್ರಷ್ ತೊಳೆಯುವುದು, ದಾರದ ಒಂದು ತುದಿ ಹಿಡಿಯುವುದು, ಚಹಾ ತರುವುದು ನನ್ನ ಕೆಲಸ. ಅಕ್ಷರ ಬರೆಯಲು ಅವರು ನನಗೆ ಕಲಿಸಲಿಲ್ಲ, ನಾನೂ ಹಟ ಹಿಡಿಯಲಿಲ್ಲ. ಆದರೆ ಅವರು ಬರೆಯುವುದನ್ನು ಗೇಣು ದೂರದಿಂದ ನೋಡಿದ್ದೇನೆ.

ತುಂಗಭದ್ರಾ ಜಲಾಶಯದಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಂದ ಎದ್ದು ಬಂದವರು ನೆಲೆ ನಿಂತ ಊರು ನಮ್ಮದು. ಹೊರಗಿನವರಿಗೆ ಇದು ನಾಟಕದವರ ಊರು. ನಾಗರತ್ನಮ್ಮನವರ ಊರು, ಈಗ ಪದ್ಮಶ್ರೀ ಮಂಜಮ್ಮ ಜೋಗತಿಯವರ ಊರು. ಸುತ್ತಿನ ಹತ್ತಾರು ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ನಾಟಕ ಕಟ್ಟಿದರೆ ಸ್ತ್ರೀಪಾತ್ರಕ್ಕೆ ಕಲಾವಿದೆಯರನ್ನು ಕೇಳಿಕೊಂಡು ಇಲ್ಲಿಗೇ ಬರುತ್ತಿದ್ದರು. ಪೇಂಟರ್ ಮಾಮನ ಕೈ ಪಳಗಿದ್ದೂ ನಾಟಕದ ಪರದೆಯ ಮೇಲೆಯೇ. ಹುಡುಗನಾಗಿದ್ದಾಗ ಕ್ಯಾಂಪ್ ಹಾಕಿದ್ದ ಒಂದು ಕಂಪನಿಯ ಸೀನರಿ ಬರೆಯುವವರ ಹತ್ತಿರ ಸೇರಿಕೊಂಡು, ಸರೇಸು ಕಾಯಿಸಿ ಪುಡಿಬಣ್ಣ ಕಲಸುವುದರಿಂದ ಶುರು ಮಾಡಿದರಂತೆ. ದರ್ಬಾರ್ ಸೀನು, ರಸ್ತೆ ಸೀನು, ಕಾಡು ಸೀನು. ಕಂಪನಿ ಗಂಟು ಕಟ್ಟಿದಾಗ ಇವರು ಜೊತೆಗೆ ಹೋಗಲಿಲ್ಲ, ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಕೋಣೆ ಹಿಡಿದು ಬೋರ್ಡ್ ಬರೆಯಲು ಕುಳಿತರು.

ಬೋರ್ಡ್ ಬರೆಯುವುದೆಂದರೆ ಬರೆಯುವುದು ಕಡೆಯ ಕೆಲಸ. ಮೊದಲು ತಗಡು. ಹೊಸ ಜಿಂಕ್ ತಗಡಿನ ಮೇಲೆ ನೇರವಾಗಿ ಬಣ್ಣ ಹಾಕಿದರೆ ಒಂದು ಮಳೆಗಾಲ ಕಳೆಯುವುದರೊಳಗೆ ಹಾಳೆ ಹಾಳೆಯಾಗಿ ಏಳುತ್ತದೆ. ಅದಕ್ಕೇ ಮಾಮ ತಗಡನ್ನು ಕೆಲವು ವಾರ ಮಾಳಿಗೆಯ ಮೇಲೆ ಬಿಸಿಲು ಮಳೆಗೆ ಬಿಡುತ್ತಿದ್ದರು. ಅಷ್ಟು ಸಮಯವಿಲ್ಲದಿದ್ದರೆ ಸೀಮೆಎಣ್ಣೆಯಲ್ಲಿ ಒರೆಸಿ ಜಿಡ್ಡು ತೆಗೆದು, ಪಾಲಿಶ್ ಪೇಪರಿನಿಂದ ಹೊಳಪು ಸಾಯುವ ತನಕ ಉಜ್ಜಬೇಕು. ಆಮೇಲೆ ರೆಡ್ ಆಕ್ಸೈಡ್. ಅದು ಹಿಡಿಯಿತೋ ಇಲ್ಲವೋ ನೋಡಲು ಮೂಲೆಯಲ್ಲಿ ಉಗುರಿನಿಂದ ಗೀರುತ್ತಿದ್ದರು. ಪುಡಿಯಾಗಿ ಉದುರಿದರೆ ಸರಿ, ಸಿಪ್ಪೆಯಂತೆ ಎದ್ದರೆ ಮತ್ತೆ ಉಜ್ಜು. ಅದರ ಮೇಲೆ ಎರಡು ಕೋಟು ನೆಲಬಣ್ಣ. ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಒಂದು ರಾತ್ರಿ ಕಳೆಯಬೇಕು. ಅವಸರ ಮಾಡಿ ದಪ್ಪಗೆ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಸುಕ್ಕುಗಟ್ಟುತ್ತದೆ. ಟರ್ಪೆಂಟೈನ್ ಹೆಚ್ಚಾದರೆ ಮಿರುಗು ಹೋಗಿ ಸುಣ್ಣ ಬಳಿದಂತೆ ಕಾಣುತ್ತದೆ.

ಬಣ್ಣಗಳನ್ನು ಅವರು ಡಬ್ಬಿಯ ಹೆಸರಿನಿಂದಲೇ ಕರೆಯುತ್ತಿದ್ದರು: ಪಿ.ಒ. ರೆಡ್, ಬಸ್ ಗ್ರೀನ್, ಆಕ್ಸ್‌ಫರ್ಡ್ ಬ್ಲೂ, ಗೋಲ್ಡನ್ ಯೆಲ್ಲೊ. ಕೆಂಪು ನೆಲ ಬೇಕೆನ್ನುವ ಸಾವ್ಕಾರರಿಗೆ “ಬ್ಯಾಡ್ರಿ, ಪಡುವಣ ಮುಖದ ಅಂಗಡಿ, ಮೂರು ವರ್ಷಕ್ಕ ಗುಲಾಬಿ ಆಗ್ತದ” ಎಂದು ಮೊದಲೇ ಹೇಳಿಬಿಡುತ್ತಿದ್ದರು. ನೀಲಿ ನೆಲಕ್ಕೆ ಹಳದಿ ಅಕ್ಷರ, ಇಲ್ಲವೇ ಹಳದಿ ನೆಲಕ್ಕೆ ಕಪ್ಪು ಅಕ್ಷರ ಅವರ ಆಯ್ಕೆ. ಅದರಲ್ಲಿ ಅಂದಕ್ಕಿಂತ ದೂರದ ಲೆಕ್ಕ ಹೆಚ್ಚು. ನಮ್ಮ ಅಂಗಡಿಗಳ ಮುಂದೆ ಹೊಸಪೇಟೆ–ಚಿತ್ರದುರ್ಗದ ಹೆದ್ದಾರಿ ಹಾದುಹೋಗುತ್ತದೆ. ಬಸ್ಸಿನ ಕಿಟಕಿಯಲ್ಲಿ ಕುಳಿತವನು ಓದಬೇಕು. ಒಂದು ಇಂಚು ಎತ್ತರದ ಅಕ್ಷರವನ್ನು 10 ಅಡಿ ದೂರದಿಂದ ನೆಮ್ಮದಿಯಾಗಿ ಓದಬಹುದು, 80 ಅಡಿಗೆ 8 ಇಂಚು ಬೇಕು. ಇದನ್ನು ಅವರು ಯಾವ ಪುಸ್ತಕದಲ್ಲೂ ಓದಿದವರಲ್ಲ. ರಸ್ತೆಯ ಆಚೆ ಬದಿಗೆ ನನ್ನನ್ನು ನಿಲ್ಲಿಸಿ “ಓದಲೇ” ಎನ್ನುತ್ತಿದ್ದರು. ನಾನು ತಡವರಿಸಿದರೆ ಅಕ್ಷರ ದಪ್ಪವಾಗುತ್ತಿತ್ತು.

ಇನ್ನು ಅಕ್ಷರ. ಇಲ್ಲಿ ಒಂದು ಬೋರ್ಡನ್ನೇ ಪೂರ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಬಂದ ಯಂತ್ರ ಮಾಡದೆ ಬಿಟ್ಟದ್ದು ಏನೆಂದು ಹೇಳಲು ಬೇರೆ ದಾರಿ ನನಗೆ ಗೊತ್ತಿಲ್ಲ. ಬೋರ್ಡ್ 8 ಅಡಿ ಉದ್ದ, 3 ಅಡಿ ಎತ್ತರ. ಬರೆಯಬೇಕಾದದ್ದು ಮೂರು ಸಾಲು. ಮೇಲೆ ಸಣ್ಣದಾಗಿ ‘ಶ್ರೀ ಹುಲಿಗೆಮ್ಮದೇವಿ ಪ್ರಸನ್ನ’, ನಡುವೆ ದೊಡ್ಡದಾಗಿ ‘ಕಿರಾಣಿ ಜನರಲ್ ಸ್ಟೋರ್ಸ್’, ಕೆಳಗೆ ಪಟ್ಟಿಯಲ್ಲಿ ಪ್ರೊಪ್ರೈಟರ್ ಹೆಸರು ಮತ್ತು ಊರು.

ಎತ್ತರ 36 ಇಂಚು. ಸುತ್ತ ಅಂಚಿಗೆ 2 ಇಂಚು. ಪ್ರಸನ್ನದ ಸಾಲಿಗೆ 4. ಇಲ್ಲಿಗೆ ನಾನಾಗಿದ್ದರೆ ಉಳಿದದ್ದನ್ನೆಲ್ಲ ದೊಡ್ಡ ಸಾಲಿಗೂ ಕೆಳಗಿನ ಪಟ್ಟಿಗೂ ಹಂಚಿಬಿಡುತ್ತಿದ್ದೆ. ಮಾಮ ದೊಡ್ಡ ಅಕ್ಷರದ ಮೈಗೆ ಕೊಟ್ಟದ್ದು 10 ಇಂಚು ಮಾತ್ರ. ಅದರ ಮೇಲೆ ಗುಡಿಸಿಗೆ 3 ಇಂಚು, ಕೆಳಗೆ ಒತ್ತಕ್ಷರಕ್ಕೆ 5 ಇಂಚು ಖಾಲಿ. ‘ಕಿರಾಣಿ ಜನರಲ್’ ಎನ್ನುವ ತನಕ ಆ 5 ಇಂಚಿನಲ್ಲಿ ಏನೂ ಇರುವುದಿಲ್ಲ. ‘ಸ್ಟೋ’ ಬಂದಾಗ ಟಕಾರದ ಒತ್ತು ಅಲ್ಲಿ ಇಳಿಯುತ್ತದೆ. ಅದೊಂದಕ್ಕಾಗಿ ಇಡೀ ಸಾಲಿನ ಉದ್ದಕ್ಕೂ ಜಾಗ ಬಿಡಬೇಕು. “ಇಂಗ್ಲಿಷಿನವರದು ಒಂದ ಅಂತಸ್ತಿನ ಮನಿ. ನಮ್ಮದು ಮ್ಯಾಲೆ ಮಾಳಿಗಿ, ಕೆಳಗ ನೆಲಮಾಳಿಗಿ. ಒತ್ತಕ್ಷರಕ್ಕ ಜಾಗ ಬಿಡು, ಆಮ್ಯಾಲ ಉಳಿದದ್ದು” ಎನ್ನುವುದು ಅವರ ಮಾತು. ಇಷ್ಟಾದ ಮೇಲೆ 2 ಇಂಚು ಉಸಿರಾಡಲು, 8 ಇಂಚು ಕೆಳಗಿನ ಪಟ್ಟಿಗೆ.

ಉದ್ದದ ಲೆಕ್ಕ ಇನ್ನೂ ಸೊಗಸು. ಅಂಚು, ಬದಿ ಎಲ್ಲ ಬಿಟ್ಟು 84 ಇಂಚು ಉಳಿಯಿತು. ಅಕ್ಷರ ಎಣಿಸಿ ಭಾಗಿಸಿದರೆ ಕೆಟ್ಟಿತು. ಕನ್ನಡದ ಅಕ್ಷರಗಳು ಒಂದೇ ಅಗಲದವಲ್ಲ. ಅವರು ‘ಕಿ’ಗೆ ಒಂದು ಜಾಗ ಹಿಡಿದರು. ‘ರಾ’ಗೆ ಒಂದೂಕಾಲು, ‘ಣಿ’ಗೆ ಒಂದೂವರೆ. ‘ಜ’, ‘ನ’ ಒಂದೊಂದು. ‘ರ’ ಪಾಪ ಮುಕ್ಕಾಲಿಗೆ ತೃಪ್ತಿ. ‘ಲ್’ ಬಾಲ ಇರುವುದರಿಂದ ಒಂದೂಕಾಲು. ‘ಸ್ಟೋ’ಗೆ ಎರಡೂಕಾಲು, ಅರ್ಕಾವೊತ್ತಿನ ‘ರ್ಸ್’ಗೆ ಎರಡು. ಪದಗಳ ನಡುವಿನ ತೆರಪು ಮುಕ್ಕಾಲು ಮುಕ್ಕಾಲು. ಕೂಡಿದರೆ ಹದಿಮೂರೂವರೆ. 84 ಇಂಚನ್ನು ಹದಿಮೂರೂವರೆಯಿಂದ ಭಾಗಿಸಿದರೆ ಒಂದು ಜಾಗಕ್ಕೆ 6 ಇಂಚಿನ ಮೇಲೆ ಒಂದಿಷ್ಟು. ಇದೆಲ್ಲ ಬೀಡಿ ಕಟ್ಟಿನ ಹಿಂಬದಿಯ ಮೇಲೆ ಪೆನ್ಸಿಲಿನಲ್ಲಿ ಆಗುತ್ತಿತ್ತು, ಎರಡು ಝುರುಕಿ ಎಳೆಯುವಷ್ಟರಲ್ಲಿ.

ಆಮೇಲೆ ದಾರ. ಸೀಮೆಸುಣ್ಣ ಉಜ್ಜಿದ ದಾರವನ್ನು ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವರು ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಪಟ್ ಎಂದು ಬಿಳಿಗೆರೆ ಮೂಡುತ್ತಿತ್ತು. ಸುಣ್ಣದಲ್ಲೇ ಅಕ್ಷರದ ಗುರುತು. ಬರೆಯುವಾಗ ಎಡಗೈಯಲ್ಲಿ ಒಂದು ಕೋಲು, ಅದರ ತುದಿಗೆ ಬಟ್ಟೆಯ ಉಂಡೆ. ಉಂಡೆ ಬೋರ್ಡಿಗೆ ಆನಿಸಿ, ಕೋಲಿನ ಮೇಲೆ ಬಲಗೈಯ ಮಣಿಕಟ್ಟು ಇಟ್ಟು, ಚಪ್ಪಟೆ ಬ್ರಷ್ಷನ್ನು ಬೆರಳುಗಳ ನಡುವೆ ತಿರುಗಿಸುತ್ತ ತಲೆಕಟ್ಟಿನಿಂದ ಇಳಿಯುತ್ತಿದ್ದರು. ಬ್ರಷ್ ತಿರುಗುವುದೇ ವಿದ್ಯೆ. ‘ಣಿ’ಯ ಹೊಟ್ಟೆಯಲ್ಲಿ ಅದು ಒಮ್ಮೆಯೂ ಎತ್ತದೆ ದಪ್ಪದಿಂದ ತೆಳುವಿಗೆ, ತೆಳುವಿನಿಂದ ದಪ್ಪಕ್ಕೆ ಬರಬೇಕು. ಕೊನೆಗೆ ಶೇಡು. ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ಮೊದಲೇ ತೀರ್ಮಾನಿಸಿ, ಎಲ್ಲ ಅಕ್ಷರಗಳಿಗೂ ಅದೇ ಬದಿಗೆ ನೆರಳು. ಇದು ಪರದೆಯಿಂದ ಬಂದ ಬುದ್ಧಿ. ದರ್ಬಾರಿನ ಕಂಬಗಳಿಗೆ ನೆರಳು ಬರೆದ ಕೈಯೇ ಕಿರಾಣಿ ಅಂಗಡಿಯ ಅಕ್ಷರಕ್ಕೂ ನೆರಳು ಬರೆಯುತ್ತಿತ್ತು.

ಬಲ ಮೂಲೆಯಲ್ಲಿ, ಕಣ್ಣಿಟ್ಟು ನೋಡಿದವರಿಗೆ ಮಾತ್ರ ಕಾಣುವಂತೆ, ಸಹಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ನಿಜ ಹೇಳಬೇಕು. ಈ ಬೋರ್ಡುಗಳಿಂದ ಮಾಮನ ಮನೆ ನಡೆಯುತ್ತಿರಲಿಲ್ಲ. ಊರಲ್ಲಿ ವರ್ಷಕ್ಕೆ ಎಷ್ಟು ಹೊಸ ಅಂಗಡಿ ಆದಾವು? ಬರೆದ ಬೋರ್ಡ್ ಹತ್ತು ಹದಿನೈದು ವರ್ಷ ಬಾಳುತ್ತದೆ, ಅಲ್ಲಿಗೆ ಗಿರಾಕಿ ಮತ್ತೆ ಬರುವುದೂ ಅಷ್ಟೇ ತಡ. ಸಾವ್ಕಾರರು ದುಡ್ಡು ಕೊಡುವುದೂ ಕಂತಿನಲ್ಲಿ, ಅರ್ಧ ಅಕ್ಕಿಬೇಳೆಯ ರೂಪದಲ್ಲಿ. ವಾರವಾರ ಕೈಗೆ ರೊಕ್ಕ ತಂದದ್ದು ಬಟ್ಟೆ ಬ್ಯಾನರು. ಮಾಂಜರಪಾಟಿನ ಬಟ್ಟೆಯನ್ನು ಗೋಡೆಗೆ ಮೊಳೆ ಹೊಡೆದು ಎಳೆದು ಕಟ್ಟಿ, ಕೆಂಪು ನೀಲಿಯಲ್ಲಿ ‘ಹಾರ್ದಿಕ ಸ್ವಾಗತ’ ಬರೆದರೆ ಸಂಜೆಗೆ ನಗದು. ರಾಮನವಮಿಯ ಹೊತ್ತಿಗೆ ನಮ್ಮ ಜೋಡಿ ತೇರು, ಊರೂರಿನ ನಾಟಕ, ಗಣಪತಿ, ಮಂತ್ರಿಗಳ ಭೇಟಿ, ಸಂಘದ ಮಹಾಸಭೆ, ಕಬಡ್ಡಿ ಟೂರ್ನಮೆಂಟು. ನಾಟಕದ ಸೀಜನ್ನಿನಲ್ಲಿ ಕೋಣೆಯ ಮುಂದೆ ಒಗೆದ ಸೀರೆಗಳಂತೆ ಬ್ಯಾನರುಗಳು ಒಣಗುತ್ತಿದ್ದವು. ಅದರ ಕೆಳಗಿನ ಚಿಲ್ಲರೆ ಸಂಪಾದನೆ ಗಾಡಿ ನಂಬರು. ಕೆಎ–35ರ ಬೈಕು, ಟ್ರ್ಯಾಕ್ಟರು, ಲಾರಿ. ಒಟ್ಟಿನಲ್ಲಿ ಬೋರ್ಡ್ ಹೆಸರು ತಂದುಕೊಡುತ್ತಿತ್ತು, ಬ್ಯಾನರು ಅನ್ನ ಹಾಕುತ್ತಿತ್ತು, ನಂಬರು ಬೀಡಿಗಾಗುತ್ತಿತ್ತು.

ಕೈಬಿಟ್ಟು ಹೋದದ್ದು ಕೆಳಗಿನಿಂದ ಮೇಲಕ್ಕೆ. ಮೊದಲು ನಂಬರು ರೇಡಿಯಂ ಸ್ಟಿಕ್ಕರಿಗೆ ಹೋಯಿತು. ಮಾಮ ತಲೆ ಕೆಡಿಸಿಕೊಳ್ಳಲಿಲ್ಲ. ಏಕೆಂದರೆ ಅದೇ ವರ್ಷಗಳಲ್ಲಿ ಅದಿರಿನ ಕಾಲ ಬಂತು. ಚೀನಾದವರು ಕೇಳಿದಷ್ಟು ಅದಿರು ಕೊಳ್ಳತೊಡಗಿದಾಗ ಸಂಡೂರು, ಹೊಸಪೇಟೆಯ ಕಡೆಯಿಂದ ಮಂಗಳೂರಿನ ಬಂದರಿಗೆ ಹೊರಟ ಲಾರಿಗಳು ಹಗಲೂ ರಾತ್ರಿ ನಮ್ಮ ಊರಿನ ನಡುವೆಯೇ ಹಾದವು. ಇದ್ದಕ್ಕಿದ್ದಂತೆ ಲಾರಿ ಮಾಲೀಕರಾದವರು ಕ್ಯಾಬಿನ್ನಿನ ನೆತ್ತಿಯ ಮೇಲೆ ಮನೆದೇವರ ಹೆಸರು, ಹಿಂದೆ ಮಕ್ಕಳ ಹೆಸರು ಬರೆಸಿದರು. ಆಗ ಮಾಮನ ಶತ್ರು ಧೂಳು. ಹಸಿ ಎನಾಮೆಲ್ ಮೇಲೆ ಅದಿರಿನ ಧೂಳು ಕುಳಿತರೆ ಕೆಂಪು ಮರಳು ಕಾಗದ ಆಗಿಬಿಡುತ್ತದೆ, ಒರೆಸಿದರೆ ಅಕ್ಷರವೇ ಹೋಗುತ್ತದೆ. ನಸುಕಿನಲ್ಲಿ, ಗಾಳಿ ಏಳುವ ಮುಂಚೆ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿಕೊಂಡು ಬರೆಯುತ್ತಿದ್ದರು.

ಫ್ಲೆಕ್ಸ್ ಬಂದದ್ದೂ ಆ ದುಡ್ಡಿನ ಬೆನ್ನಿಗೇ. ಹೊಸಪೇಟೆಯಲ್ಲಿ ಯಂತ್ರ ಕೂರಿಸಿದರಂತೆ ಎಂಬ ಸುದ್ದಿ ಮೊದಲು ಬಂತು. ಆಮೇಲೆ ಒಂದು ಹುಟ್ಟುಹಬ್ಬದ ಬ್ಯಾನರು ಬಸ್‌ಸ್ಟ್ಯಾಂಡಿನಲ್ಲಿ ಎದ್ದು ನಿಂತಿತು. ಆಳೆತ್ತರದ ಮುಖ, ಹಿಂದೆ ಜಲಪಾತ, ಕೆಳಗೆ ಶುಭ ಕೋರುವವರ ಸಾಲು ಸಾಲು ಫೋಟೊ. ಜನ ನಿಂತು ನೋಡಿದರು. ಮಾಮನೂ ನೋಡಿದರು. ಹತ್ತಿರ ಹೋಗಿ ಉಗುರಿನಿಂದ ಗೀರಿದರು. ಬಣ್ಣ ಏಳಲಿಲ್ಲ. “ರೆಕ್ಸಿನ್ ಐತಲೇ” ಎಂದಷ್ಟೇ ಹೇಳಿದರು. ಅವರು ಹೇಳಿದ್ದು ಬಹುಮಟ್ಟಿಗೆ ಸರಿ. ನೂಲಿನ ಜಾಳಿಗೆಯ ಎರಡೂ ಬದಿಗೆ ಪಿವಿಸಿ ಪ್ಲಾಸ್ಟಿಕ್ ಹಚ್ಚಿದ ಹಾಳೆ ಅದು.

ಬೆಲೆಯಿಂದ ಸೋತರು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶುರುವಿನಲ್ಲಿ ಫ್ಲೆಕ್ಸೇ ದುಬಾರಿ ಇತ್ತು, ಚದರ ಅಡಿಗೆ ಹತ್ತು ರೂಪಾಯಿಯ ಆಸುಪಾಸಿಗೆ ಇಳಿದದ್ದು ಯಂತ್ರಗಳು ಹೆಚ್ಚಾದ ಮೇಲೆ. ಜನರನ್ನು ಗೆದ್ದದ್ದು ಫೋಟೊ. ಕೈಬರಹದ ಬ್ಯಾನರಿನಲ್ಲಿ ಶುಭ ಕೋರುವವನ ಹೆಸರು ಮಾತ್ರ ಬರುತ್ತಿತ್ತು, ಫ್ಲೆಕ್ಸಿನಲ್ಲಿ ಅವನ ಮುಖ ಬಂತು. ಹೆಸರಿಗಾಗಿ ಐವತ್ತು ರೂಪಾಯಿ ಕೊಡಲು ಹಿಂದೆಮುಂದೆ ನೋಡುವವನು ಮುಖಕ್ಕಾಗಿ ಐನೂರು ಕೊಟ್ಟ. ಎರಡನೆಯದು ಸಮಯ. ಇವತ್ತು ಸಂಜೆ ಹೇಳಿದರೆ ನಾಳೆ ಬೆಳಗಿನ ಬಸ್ಸಿಗೆ ಸುರುಳಿ ಬಂದಿಳಿಯುತ್ತಿತ್ತು.

ಹೀಗೆ ಬಟ್ಟೆ ಬ್ಯಾನರು ಒಂದೆರಡು ವರ್ಷದಲ್ಲಿ ನಿಂತೇಹೋಯಿತು. ಬೋರ್ಡ್ ಬರೆಸುವವರು ಆಗಲೂ ಇದ್ದರು, ಅದನ್ನು ಯಾರೂ ಗಮನಿಸುವುದಿಲ್ಲ. ಆದರೆ ವಾರದ ಅನ್ನ ನಿಂತ ಮೇಲೆ ಎರಡು ತಿಂಗಳಿಗೊಂದು ಬರುವ ಬೋರ್ಡಿಗಾಗಿ ಕೋಣೆಯ ಬಾಡಿಗೆ ಕಟ್ಟಿ ಕಾಯುವುದು ಹೇಗೆ? ಮಾಮ ಕೋಣೆ ಬಿಟ್ಟರು. ಕೋಣೆ ಬಿಟ್ಟದ್ದನ್ನು ನೋಡಿ, ಬೋರ್ಡ್ ಬರೆಸಬೇಕೆಂದಿದ್ದವರೂ “ಪೇಂಟರ್ ಈಗ ಬರಿಯಂಗಿಲ್ಲಂತ” ಎಂದು ಹೊಸಪೇಟೆಗೆ ಹೋದರು. ಕಸುಬು ಸತ್ತದ್ದು ಅದರ ದೊಡ್ಡ ಕೆಲಸ ಹೋದದ್ದರಿಂದಲ್ಲ, ಅದನ್ನು ಸಾಕುತ್ತಿದ್ದ ಸಣ್ಣ ಕೆಲಸ ಹೋದದ್ದರಿಂದ.

ಅಂಗಡಿಗಳ ಮೇಲೆ ಫ್ಲೆಕ್ಸ್ ಬಂದ ಬಗೆಯೂ ನೋಡುವಂತಿತ್ತು. ಹಳೆಯ ತಗಡನ್ನು ಯಾರೂ ಇಳಿಸಲಿಲ್ಲ. ಮರದ ಚೌಕಟ್ಟು ಗಟ್ಟಿಯಾಗಿಯೇ ಇತ್ತಲ್ಲ, ಅದರ ಮೇಲೆಯೇ ಫ್ಲೆಕ್ಸ್ ಎಳೆದು ಮೊಳೆ ಹೊಡೆದರು. ಮಾಮನ ಬೋರ್ಡ್ ತನ್ನ ಮೇಲೆ ಬಂದದ್ದಕ್ಕೆ ಬೆನ್ನು ಕೊಟ್ಟಿತು. ನಮ್ಮ ಕಡೆಯ ಬಿಸಿಲಿಗೆ ಫ್ಲೆಕ್ಸಿನ ಹಳದಿ, ಕೆಂಪು ಮೊದಲು ಹಾರುತ್ತವೆ. ಎರಡನೆಯ ಬೇಸಿಗೆ ಮುಗಿಯುವಾಗ ಗಣ್ಯರ ಮುಖಗಳೆಲ್ಲ ನೀಲಿ. ಆಷಾಢದ ಗಾಳಿಗೆ ಮೊಳೆಯ ಹತ್ತಿರ ಹರಿದು ಪಟಪಟ ಬಡಿಯುತ್ತದೆ. ಹರಿದದ್ದು ಬಣವೆ ಮುಚ್ಚಲು, ತಳ್ಳುಗಾಡಿಗೆ ನೆರಳಾಗಲು, ಶೇಂಗಾ ಒಣಹಾಕಲು ಹೋಗುತ್ತದೆ. ಇದೊಂದು ವಿಷಯದಲ್ಲಿ ಫ್ಲೆಕ್ಸಿನ ಉಪಕಾರ ದೊಡ್ಡದು, ಸುಳ್ಳು ಹೇಳಬಾರದು.

ಕೋಣೆ ಬಿಟ್ಟ ಮೇಲೆ ಮಾಮ ಒಂದಷ್ಟು ಕಾಲ ಫ್ಲೆಕ್ಸಿನ ಏಜೆಂಟರಾದರು. ಊರಲ್ಲಿ ಆರ್ಡರ್ ಹಿಡಿದು, ಹೊಸಪೇಟೆಯ ಅಂಗಡಿಯಲ್ಲಿ ಮಾಡಿಸಿ, ತಂದು ಕಟ್ಟಿಸಿದರೆ ಕಮಿಷನ್. ಎಷ್ಟೋ ಊರುಗಳ ಪೇಂಟರುಗಳು ಇದೇ ದಾರಿ ಹಿಡಿದರು. ರಜೆಗೆ ಬಂದಾಗ ನಾನೂ ಅವರ ಜೊತೆ ಹೋಗಿದ್ದೆ. ಕೋರೆಲ್ ಡ್ರಾ ತೆರೆದು ಕುಳಿತ ಹುಡುಗ ಚುರುಕಾಗಿದ್ದ. ಹೆಸರು ಉದ್ದವಾಯಿತು, ಬೋರ್ಡಿನಲ್ಲಿ ಹಿಡಿಯಲಿಲ್ಲ. ಅವನು ಮೌಸಿನಿಂದ ಬದಿಯ ಚುಕ್ಕಿ ಹಿಡಿದು ಒಳಕ್ಕೆ ನೂಕಿದ. ಇಡೀ ಸಾಲು ಒಮ್ಮೆಲೇ ಕುಗ್ಗಿತು. ಅಡ್ಡಗೆರೆಗಳ ದಪ್ಪ ಹಾಗೇ ಉಳಿದು ಉದ್ದಗೆರೆಗಳು ಕಡ್ಡಿಯಾದವು. ‘ರ’ವೂ ಅಷ್ಟೇ ಕುಗ್ಗಿತು, ‘ಣ’ವೂ ಅಷ್ಟೇ. ಒತ್ತಕ್ಷರ ಕೆಳಗಿನ ಫೋಟೊದವರ ಪೇಟದೊಳಗೆ ಇಳಿಯಿತು. ಅವನು ಫೋಟೊವನ್ನು ಮುಂದಕ್ಕೆ ತಂದ. ಒತ್ತು ಮರೆಯಾಯಿತು.

“ತಮ್ಮಾ, ಒತ್ತು ಹೋತಲ್ಲ” ಅಂದರು ಮಾಮ.

“ಯಾರು ನೋಡ್ತಾರ್ರಿ ಅಣ್ಣಾ, ಫೋಟೊ ಕ್ಲಿಯರ್ ಐತಿ ನೋಡ್ರಿ.”

ಇನ್ನೊಮ್ಮೆ ರಾಜ್ಯೋತ್ಸವದ ಬ್ಯಾನರು. ಪೆನ್ ಡ್ರೈವಿನಲ್ಲಿ ಒಯ್ದ ಬರಹ ತೆರೆದಾಗ ಪರದೆಯ ಮೇಲೆ ‘ಕನ್ನಡ’ ಎಂಬ ಜಾಗದಲ್ಲಿ `PÀ£ÀßqÀ` ಎಂದು ಬಂತು. ಆ ಕಾಲದ ನುಡಿಯಂಥ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಳಗಿನದು ಹೀಗೆ ಹೊರಬೀಳುತ್ತದೆ. ಹುಡುಗ ಫಾಂಟ್ ಹಾಕಿದ, ಸರಿಹೋಯಿತು. ಆದರೆ ಅಂದಕ್ಕೆಂದು ಬೇರೆ ಕಂಪನಿಯ ಫಾಂಟ್ ಬದಲಿಸಿದಾಗ ಮತ್ತೆ ಕೆಲವು ಒತ್ತು, ಅರ್ಕಾವೊತ್ತು ಚಲ್ಲಾಪಿಲ್ಲಿ. ಪ್ರಿಂಟಿಗೆ ಹೋಗುವ ಮುಂಚೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತಿದ್ದಿಸುತ್ತಿದ್ದವರು ಮಾಮ ಒಬ್ಬರೇ. ಹಿಂದೆ ಸಾಲು ನಿಂತವರು ಗೊಣಗುತ್ತಿದ್ದರು. ಹುಡುಗನ ತಪ್ಪೆಂದು ನಾನು ಹೇಳಲಾರೆ. ಅವನಿಗೆ ದಿನಕ್ಕೆ ಅಂಥವು ಎಷ್ಟೋ, ಅವನ ಸಂಬಳ ಅಕ್ಷರಕ್ಕೆ ಕೊಡುವುದಲ್ಲ. ಕಮಿಷನ್ನಿನ ಆ ಕೆಲಸವನ್ನೂ ಮಾಮ ಹೆಚ್ಚು ದಿನ ಮಾಡಲಿಲ್ಲ. ಹಳ್ಳಿಯ ಹುಡುಗರು ಮೊಬೈಲಿನಿಂದಲೇ ಫೋಟೊ ಕಳಿಸಿ ಫ್ಲೆಕ್ಸ್ ತರಿಸುವುದನ್ನು ಕಲಿತರು, ಏಜೆಂಟ್ ಬೇಡವಾದ.

2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗು, ಫ್ಲೆಕ್ಸುಗಳನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಮಾಮ ಆ ಪೇಪರಿನ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಕೆಲವು ವಾರ ಬಟ್ಟೆ ಬ್ಯಾನರಿನ ಆರ್ಡರು ಬಂದವು. ಮಾಂಜರಪಾಟ್ ಹುಡುಕಿಕೊಂಡು ಹೋದರೆ ಬಟ್ಟೆ ಅಂಗಡಿಯವರು “ಈಗ ಯಾರು ಕೇಳ್ತಾರ್ರಿ ಅದನ್ನ” ಎಂದರಂತೆ. ಆಮೇಲೆ ಎಲ್ಲ ಮೊದಲಿನಂತಾಯಿತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿಸಿದಾಗ ಬೆಂಗಳೂರಿನಲ್ಲಿ ರಾಶಿ ರಾಶಿ ಫ್ಲೆಕ್ಸ್ ಇಳಿದವು, ಆ ಗಾಳಿ ನಮ್ಮ ತನಕ ಬೀಸಲಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಮಾಮನಿಗೆ ಇನ್ನೊಂದು ಆಸೆ ಹುಟ್ಟಿತ್ತು. ಊರಿನ ಪ್ರತಿ ಬೋರ್ಡಿನ ಕೊನೆಯ ಸಾಲೂ ಬದಲಾಗಬೇಕಲ್ಲ! ನಾಲ್ಕಾರು ಜನ ‘ಬಳ್ಳಾರಿ’ಯ ಮೇಲೆ ನೆಲಬಣ್ಣ ಬಳಿಸಿ ‘ವಿಜಯನಗರ’ ಬರೆಸಿದರು. ಒಂದು ಅಂಗಡಿಯಲ್ಲಿ ‘ಬಳ್ಳಾರಿ’ಗೆ ಇದ್ದ ಜಾಗದಲ್ಲಿ ಆರಕ್ಷರದ ‘ವಿಜಯನಗರ’ ಹಿಡಿಯದೆ, ‘ಜಿಲ್ಲೆ’ಯನ್ನು ‘ಜಿ:’ ಮಾಡಿ ಕೂರಿಸಿದ್ದಾರೆ. ಉಳಿದವರು ಸ್ಟಿಕ್ಕರ್ ಅಂಟಿಸಿದರು, ಇಲ್ಲವೇ ಹೊಸ ಫ್ಲೆಕ್ಸ್ ಹಾಕಿದರು.

ಈಗ ಅವರ ಕೈ ಹಿಡಿದಿರುವುದು ಸರ್ಕಾರದ ಗೋಡೆ. ಉದ್ಯೋಗ ಖಾತ್ರಿಯ ಕಾಮಗಾರಿ ನಡೆದ ಕಡೆ ಸಿಮೆಂಟಿನ ನಾಮಫಲಕ ನಿಲ್ಲಿಸಿ ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಮಾನವ ದಿನಗಳನ್ನು ಬರೆಸಬೇಕು. ಹೊಲದ ಬದುವಿನಲ್ಲಿ ಮಳೆಗೆ ನಿಲ್ಲುವ ಕಲ್ಲಿಗೆ ಫ್ಲೆಕ್ಸ್ ಆಗಿಬರುವುದಿಲ್ಲ, ಬಣ್ಣವೇ ಬೇಕು. ಅಂಗನವಾಡಿಯ ಗೋಡೆಗೆ ಹಣ್ಣು ತರಕಾರಿ, ಶಾಲೆಯ ಗೋಡೆಗೆ ವರ್ಣಮಾಲೆ. ಬಿಲ್ಲು ಆಗುವುದು ತಡ, ಆದರೆ ಆಗುತ್ತದೆ. ಹೋದ ಸಲ ನೋಡಿದಾಗ ಪಕ್ಕದ ಹಳ್ಳಿಯ ಶಾಲೆಯಲ್ಲಿ ‘ಕ್ಷ’, ‘ಜ್ಞ’ ಬರೆಯುತ್ತಿದ್ದರು. ಕಣ್ಣು ಮೊದಲಿನಂತಿಲ್ಲ, ಶಸ್ತ್ರಚಿಕಿತ್ಸೆ ಆಗಿದೆ. ಕೋಲು ಅದೇ, ಉಂಡೆಯ ಬಟ್ಟೆ ಮಾತ್ರ ಹೊಸದು. ದಾರದ ತುದಿ ಹಿಡಿಯಲು ನಾಲ್ಕನೆಯ ತರಗತಿಯ ಹುಡುಗಿ ಒಬ್ಬಳು ನಿಂತಿದ್ದಳು.

ಅಂಗಡಿಗೆ ಬೋರ್ಡ್ ಬರೆದುಕೊಡುತ್ತಾರಾ ಎಂದು ಕೇಳುವವರಿಗೆ ಅವರ ಪರವಾಗಿ ನಾನೇ ಹೇಳಿಬಿಡುತ್ತೇನೆ. ಬರೆಯುತ್ತಾರೆ. ತಗಡು ಹಳೆಯದಾದರೆ ನಾಲ್ಕೈದು ದಿನ ಸಾಕು, ಹೊಸದಾದರೆ ಒಂದು ತಿಂಗಳು ಮುಂಚೆ ತಂದುಹಾಕಿ. ಅರ್ಧ ದುಡ್ಡು ಮುಂಗಡ. ನಿಮ್ಮ ಬೋರ್ಡಿನ ಮೇಲೆ ಈಗ ಫ್ಲೆಕ್ಸ್ ಇದ್ದರೆ ಮೊದಲು ಅದರ ಮೊಳೆ ಕಿತ್ತು ಒಳಗೆ ನೋಡಿ. ಬಲ ಮೂಲೆಯಲ್ಲಿ ಸಹಿ ಇದ್ದರೆ ಹೊಸದಾಗಿ ಬರೆಸುವ ಖರ್ಚಿಲ್ಲ, ಒರೆಸಿ ಅಂಚಿಗೊಂದು ಕೋಟು ಬಣ್ಣ ಹೊಡೆಸಿದರೆ ಆಯಿತು. ಫೋಟೊ ಬೇಕೇ ಬೇಕು ಎನ್ನುವವರು ಮಾತ್ರ ಹೊಸಪೇಟೆ ಬಸ್ ಹತ್ತಿ.